ನೆದರ್ಲೆಂಡ್ಸ್ ಕೆಲಸ: ರಿಕ್ರೂಟರ್‌ಗೆ ವೀಸಾ ಬಗ್ಗೆ ಮೇಲ್ ಬರೆದಿದ್ದೀನಿ, ಕಳಿಸೋ ಮುಂಚೆ ಒಂದ್ಸಲ ನೋಡ್ತೀರಾ?

ಬಸವನಗುಡಿ_ಬ್ಯಾಕೆಂಡ್

ಎಲ್ಲರಿಗೂ ನಮಸ್ಕಾರ. ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಒಂದು ಕಂಪನಿಯ ಬ್ಯಾಕೆಂಡ್ ಕೆಲಸಕ್ಕೆ ಏಜೆನ್ಸಿ ರಿಕ್ರೂಟರ್ ಒಬ್ಬರು ಲಿಂಕ್ಡ್‌ಇನ್‌ನಲ್ಲಿ ಸಿಕ್ಕಿದ್ರು. ಟೆಕ್ನಿಕಲ್ ರೌಂಡ್‌ಗಳು ಮುಗಿದಿವೆ, ಕೊನೇ ರೌಂಡು ಜುಲೈ 2ಕ್ಕೆ. ಸಂಬಳ ವರ್ಷಕ್ಕೆ 72,000 ಯೂರೋ, "ಎಲ್ಲಾ ಸೇರಿ" ಅಂದಿದ್ದಾರೆ. ಇಲ್ಲಿ ನನ್ನ ನೋಟಿಸ್ ಪೀರಿಯಡ್ 90 ದಿನ. ನವೆಂಬರ್ 1ಕ್ಕೆ ಸೇರಬಹುದು ಅಂತ ಬಾಯಿಮಾತಲ್ಲಿ ಆಗಿದೆ.

ವೀಸಾ ವಿಷಯ ಇದುವರೆಗೂ ಸರಿಯಾಗಿ ಮಾತಾಡಿಲ್ಲ. ಕಳಿಸೋದು ಇಂಗ್ಲಿಷಲ್ಲೇ, ಇಲ್ಲಿ ಕನ್ನಡದಲ್ಲಿ ಹಾಕ್ತಿದ್ದೀನಿ:

> ನಮಸ್ಕಾರ, ನೀವು ಆರೋಗ್ಯವಾಗಿದ್ದೀರಿ ಎಂದು ಭಾವಿಸುತ್ತೇನೆ. ಈ ಹುದ್ದೆಗೆ ಕಂಪನಿ ವೀಸಾ ಸ್ಪಾನ್ಸರ್‌ಶಿಪ್ ಕೊಡುತ್ತದೆಯೇ? ಕೊಡುವುದಾದರೆ ಎಷ್ಟು ದಿನ ಹಿಡಿಯುತ್ತದೆ? ಯಾವ ಯಾವ ದಾಖಲೆಗಳು ಬೇಕು, ಖರ್ಚು ಯಾರದು, ಕುಟುಂಬಕ್ಕೂ ವೀಸಾ ಸಿಗುತ್ತದೆಯೇ, ಮುಂದೆ ಪಿಆರ್ ಸಿಗುವ ಸಾಧ್ಯತೆ ಹೇಗಿದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ತುಂಬಾ ಬೇಡಿಕೊಂಡ ಹಾಗೆ ಇದೆಯಾ? ಕೇಳಿದ್ರೆ ಆಫರೇ ಕೈತಪ್ಪುತ್ತಾ ಅನ್ನೋ ಅಂಜಿಕೆ ಬೇರೆ.

ಕೋರಮಂಗಲ_ಕಾವ್ಯ

ಕೇಳಿ ಬಿಡಿ, ಏನೂ ಆಗಲ್ಲ. ನಮ್ಮೆಜಮಾನ್ರ ಎಚ್‌-1ಬಿ ಲಾಟರಿಯಲ್ಲಿ ಬರಲೇ ಇಲ್ಲ, ರಿಕ್ರೂಟರ್ ಪಾಪ ಏನ್ ಮಾಡ್ತಾರೆ. ಮಾರ್ಚ್‌ನಲ್ಲಿ ರಿಜಿಸ್ಟ್ರೇಷನ್, ಆಮೇಲೆ ಅಕ್ಟೋಬರ್‌ವರೆಗೂ ಕಾಯೋದು. ನಿಮ್ಮದೂ ಹಾಗೇ ಆಗದಿರಲಿ. ಈ ವರ್ಷದ ಲಾಟರಿ ಆಗಲೇ ಮುಗಿದಿರಬೇಕಲ್ವಾ?

ಬಸವನಗುಡಿ_ಬ್ಯಾಕೆಂಡ್

ಮೇಡಂ, ಇದು ಅಮೆರಿಕ ಅಲ್ಲ, ನೆದರ್ಲೆಂಡ್ಸ್. ಲಾಟರಿ ಇಲ್ಲ ಅಂತ ಕೇಳಿದ್ದೀನಿ.

ಕೋರಮಂಗಲ_ಕಾವ್ಯ

ಅಯ್ಯೋ ಹೌದಲ್ಲ, ಟೈಟಲ್ ನೋಡದೇ ಬರೆದೆ. ಆದ್ರೂ ಕೇಳಿ ಅಂದಿದ್ದು ಹಿಂತೆಗೆಯಲ್ಲ.

ರಾಜಾಜಿನಗರ_ರಾವ್

ಯುರೋಪ್ ಎಲ್ಲಾ ಕಡೆ ಒಂದೇ ನಿಯಮ ಕಣಪ್ಪ. ಮೊದಲು ಐದು ವಾರ ಆ ಕೆಲಸಕ್ಕೆ ಅಲ್ಲಿನವರು ಯಾರೂ ಸಿಗಲಿಲ್ಲ ಅಂತ ಕಂಪನಿ ಜಾಹೀರಾತು ಹಾಕಿ ತೋರಿಸಬೇಕು. ಆಮೇಲೆ ಪರ್ಮಿಟ್, ಆಮೇಲೆ ವೀಸಾ. ಒಟ್ಟು ಐದಾರು ತಿಂಗಳು. ನವೆಂಬರ್ ಅಂತೂ ಆಗೋ ಮಾತಲ್ಲ. ಇನ್ನೊಂದು, ದುಡ್ಡು ಕೇಳಿದ್ರೆ ಒಂದು ಪೈಸೆನೂ ಕೊಡಬೇಡ. ವೀಸಾ ಮಾಡಿಸ್ತೀವಿ, ಡೆಪಾಸಿಟ್ ಇಡಿ ಅನ್ನೋರು ಜಯನಗರದಿಂದ ಹಿಡಿದು ದುಬೈವರೆಗೂ ಇದ್ದಾರೆ.

ಮಲ್ಲೇಶ್ವರದಿಂದ_ಉಟ್ರೆಕ್ಟ್

ನಾನು ಇಲ್ಲಿ ಒಂದು ಕಂಪನಿಯ ಎಚ್‌ಆರ್‌ನಲ್ಲಿ, ಹೊರದೇಶದಿಂದ ಬರೋರ ಪರ್ಮಿಟ್ ಕೆಲಸವನ್ನೇ ನೋಡಿಕೊಳ್ಳೋದು.

ರಾವ್ ಸರ್ ಹೇಳಿದ ಐದು ವಾರದ ಕತೆ ನಿಜ, ಆದ್ರೆ ಅದು ಬೇರೆ ದಾರಿ. ಯುಡಬ್ಲ್ಯುವಿ ಅನ್ನೋ ಇಲಾಖೆ ಸ್ಥಳೀಯರು ಸಿಗ್ತಾರಾ ಅಂತ ನೋಡಿ ಕೊಡೋ ಸಾಮಾನ್ಯ ಪರ್ಮಿಟ್‌ಗೆ ಅನ್ವಯಿಸುತ್ತೆ. ಐಟಿಯವರು ಹೆಚ್ಚಾಗಿ ಬರೋದು ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಅನ್ನೋ ದಾರಿಯಲ್ಲಿ. ಅದರಲ್ಲಿ ಆ ಪರೀಕ್ಷೆ ಇಲ್ಲ. ಡಿಗ್ರಿ ಸರ್ಟಿಫಿಕೇಟನ್ನೂ ಅಷ್ಟಾಗಿ ಕೆದಕಲ್ಲ. ನೋಡೋದು ಮುಖ್ಯವಾಗಿ ಎರಡೇ: ಕಂಪನಿ ಇಲ್ಲಿನ ವಲಸೆ ಇಲಾಖೆ ಐಎನ್‌ಡಿಯ ಮಾನ್ಯತೆ ಪಡೆದ ಸ್ಪಾನ್ಸರ್ ಹೌದಾ, ಸಂಬಳ ಆ ವರ್ಷದ ಮಿತಿ ದಾಟುತ್ತಾ.

ಹಾಗಾಗಿ ನಿಮ್ಮ ಮೇಲ್‌ನ ಮೊದಲ ಪ್ರಶ್ನೆಯನ್ನೇ ನಾನು ಕಿತ್ತು ಹಾಕ್ತಿದ್ದೆ. "ಸ್ಪಾನ್ಸರ್ ಮಾಡ್ತೀರಾ" ಅಂತ ಕೇಳಿದ್ರೆ ಏಜೆನ್ಸಿಯವರು ಕಣ್ಮುಚ್ಚಿ ಹೌದು ಅಂತಾರೆ. ಆ ಹೌದಿಗೆ ಬೆಲೆಯಿಲ್ಲ, ಯಾಕಂದ್ರೆ ಸ್ಪಾನ್ಸರ್ ಮಾಡೋದು ಅವರಲ್ಲ. ಐಎನ್‌ಡಿ ಸೈಟ್‌ನಲ್ಲಿ ಮಾನ್ಯತೆ ಪಡೆದ ಸ್ಪಾನ್ಸರ್‌ಗಳ ಪಟ್ಟಿ ಎಲ್ಲರಿಗೂ ತೆರೆದಿದೆ, ಕಂಪನಿ ಹೆಸರೂ ಅದರ ಪಕ್ಕದಲ್ಲೇ ಕೆವಿಕೆ ಅನ್ನೋ ಕಂಪನಿ ನೋಂದಣಿ ನಂಬರೂ ಇರುತ್ತೆ. ನೀವೇ ಹುಡುಕಿ. ಬ್ರ್ಯಾಂಡ್ ಹೆಸರಲ್ಲಿ ಸಿಗದೇ ಇರಬಹುದು. ಆ್ಯಪ್‌ಗೆ ಒಂದು ಹೆಸರು, ಕಾಗದದಲ್ಲಿರೋ ಬಿ.ವಿ.ಗೆ, ಅಂದ್ರೆ ನಮ್ಮ ಪ್ರೈವೇಟ್ ಲಿಮಿಟೆಡ್ ಥರದ್ದಕ್ಕೆ, ಇನ್ನೊಂದು. ಅದಕ್ಕೇ ರಿಕ್ರೂಟರ್ ಹತ್ರ ಕೇಳಬೇಕಾದ್ದು, "ಕಾಂಟ್ರ್ಯಾಕ್ಟ್ ಯಾವ ಕಂಪನಿ ಹೆಸರಲ್ಲಿ ಬರುತ್ತೆ, ಅದರ ಕೆವಿಕೆ ನಂಬರ್ ಏನು" ಅಂತ. ಎಂಟು ಅಂಕಿ ಕೈಗೆ ಬಂದ್ರೆ ಉಳಿದಿದ್ದು ನೀವೇ ನೋಡ್ಕೋಬಹುದು.

ಇನ್ನೊಂದು ವಿಷಯ. ನಿಮ್ಮ ವಯಸ್ಸೆಷ್ಟು?

ಬಸವನಗುಡಿ_ಬ್ಯಾಕೆಂಡ್

29. ಸೆಪ್ಟೆಂಬರ್ 9ಕ್ಕೆ 30 ತುಂಬುತ್ತೆ. ಯಾಕೆ ಮೇಡಂ?

ಮಲ್ಲೇಶ್ವರದಿಂದ_ಉಟ್ರೆಕ್ಟ್

ಹಾಗಿದ್ರೆ ನಿಮ್ಮ ಮೇಲ್‌ನ ಜೀವಾಳ ಅದೇ. ಸ್ವಲ್ಪ ವಿವರವಾಗಿ ಹೇಳ್ತೀನಿ, ಓದಿ.

2026ಕ್ಕೆ ಸಂಬಳದ ಮಿತಿ ಹೀಗಿದೆ: 30 ತುಂಬದವರಿಗೆ ತಿಂಗಳಿಗೆ 4,357 ಯೂರೋ, 30 ತುಂಬಿದವರಿಗೆ 5,942. ಎರಡೂ ತೆರಿಗೆ ಕಳೆಯೋ ಮುಂಚಿನ ಮೊತ್ತ, ಹಾಲಿಡೇ ಅಲವೆನ್ಸ್ ಬಿಟ್ಟು. ನಿಮಗೆ ಯಾವ ಮಿತಿ ಅನ್ನೋದು ನಿಂತಿರೋದು ಅರ್ಜಿ ಹಾಕಿದಾಗ ನಿಮ್ಮ ವಯಸ್ಸೆಷ್ಟು ಅನ್ನೋದರ ಮೇಲೆ. ಕೆಲಸಕ್ಕೆ ಸೇರೋ ದಿನದ ಮೇಲಲ್ಲ, ವಿಮಾನ ಹತ್ತೋ ದಿನದ ಮೇಲೂ ಅಲ್ಲ.

ಈಗ ನಿಮ್ಮ 72,000 ತಗೊಳ್ಳಿ. ಹನ್ನೆರಡರಿಂದ ಭಾಗಿಸಿದ್ರೆ 6,000 ಬರುತ್ತೆ, 5,942ಕ್ಕಿಂತ ಜಾಸ್ತಿ, ಸಾಕು ಅನ್ನಿಸುತ್ತೆ. ರಿಕ್ರೂಟರ್ ಕೂಡ ಹೀಗೇ ಲೆಕ್ಕ ಹಾಕಿರ್ತಾರೆ. ಆದ್ರೆ "ಎಲ್ಲಾ ಸೇರಿ" ಅಂದಿದ್ದಾರಲ್ಲ, ಅದರೊಳಗೆ ಶೇ. 8ರ ಹಾಲಿಡೇ ಅಲವೆನ್ಸ್ ಕೂತಿದೆ. 72,000ವನ್ನ 1.08ರಿಂದ ಭಾಗಿಸಿ, ಸುಮಾರು 66,667. ಅದನ್ನ 12ರಿಂದ ಭಾಗಿಸಿ, ಸುಮಾರು 5,556. ಐಎನ್‌ಡಿ ನೋಡೋದು ಈ 5,556ನ್ನ.

ಸೆಪ್ಟೆಂಬರ್ 9ಕ್ಕೆ ಮುಂಚೆ ಅರ್ಜಿ ಹೋದ್ರೆ 4,357ಕ್ಕಿಂತ ಎಷ್ಟೋ ಮೇಲಿದ್ದೀರಿ, ಯಾರೂ ಕೇಳಲ್ಲ. ಆಮೇಲೆ ಹೋದ್ರೆ ಅದೇ ಕೆಲಸ, ಅದೇ ಸಂಬಳ, ಅದೇ ಮನುಷ್ಯ, ಆದ್ರೆ ತಿಂಗಳಿಗೆ 386 ಯೂರೋ ಕಮ್ಮಿ ಬಿದ್ದು ಅರ್ಜಿ ನಿಲ್ಲಲ್ಲ. ಹಾಲಿಡೇ ಅಲವೆನ್ಸ್ ಸೇರಿಸಿ ವರ್ಷಕ್ಕೆ 77,008 ಯೂರೋ ಹತ್ರ ಬೇಕಾಗುತ್ತೆ.

ನಿಮಗೆ 90 ದಿನ ನೋಟಿಸು, ನವೆಂಬರ್‌ಗೆ ಸೇರೋದು. ನಮ್ಮಂಥ ಎಚ್‌ಆರ್‌ಗಳ ಅಭ್ಯಾಸ ಏನಂದ್ರೆ ಸೇರೋಕೆ ಒಂದೂವರೆ ತಿಂಗಳು ಇದೆ ಅನ್ನೋವಾಗ ಫೈಲ್ ಕೈಗೆತ್ತಿಕೊಳ್ಳೋದು. ನವೆಂಬರ್ 1ರಿಂದ ಹಿಂದಕ್ಕೆ ಎಣಿಸಿ. ಸೆಪ್ಟೆಂಬರ್ ಮಧ್ಯ. ಯಾರದೂ ತಪ್ಪಿಲ್ಲದೆ ಕೆಲಸ ಕೆಡುತ್ತೆ.

ಬಸವನಗುಡಿ_ಬ್ಯಾಕೆಂಡ್

ಎದೆ ಧಸಕ್ ಅಂತು. ರಿಕ್ರೂಟರ್ ಫೋನಲ್ಲಿ "ಆರು ಸಾವಿರ ಇದೆ, ಮಿತಿ ದಾಟುತ್ತೆ, ಚಿಂತೆ ಬೇಡ" ಅಂತಲೇ ಹೇಳಿದ್ದು. ಅಲ್ಲಿ ಹದಿಮೂರನೇ ತಿಂಗಳ ಸಂಬಳ ಅಂತ ಏನೋ ಕೊಡ್ತಾರಂತೆ, ಅದನ್ನ ಸೇರಿಸಿದ್ರೆ?

ಮಲ್ಲೇಶ್ವರದಿಂದ_ಉಟ್ರೆಕ್ಟ್

ಡಿಸೆಂಬರ್‌ನಲ್ಲಿ ಒಂದೇ ಸಲ ಕೊಟ್ರೆ ಲೆಕ್ಕಕ್ಕೆ ಬರಲ್ಲ. ಕಾಂಟ್ರ್ಯಾಕ್ಟ್‌ನಲ್ಲಿ ಇಷ್ಟು ಅಂತ ಬರೆದು, ತಿಂಗಳು ತಿಂಗಳೂ ನಿಮ್ಮ ಖಾತೆಗೆ ಬೀಳೋದು ಮಾತ್ರ ಲೆಕ್ಕ. ಬೋನಸ್ "ಬರಬಹುದು" ಅನ್ನೋದೂ ಇಲ್ಲ. ಹಾಲಿಡೇ ಅಲವೆನ್ಸನ್ನ ತಿಂಗಳು ತಿಂಗಳು ಕೊಟ್ರೂ ಲೆಕ್ಕಕ್ಕಿಲ್ಲ, ಅದು ನೆನಪಿರಲಿ. ಕೆಲವು ಕಂಪನಿಗಳು ಆ ಉಪಾಯ ಹೂಡಿ ಕೈಸುಟ್ಟುಕೊಂಡಿವೆ.

ನೇಮಕಾತಿ_ನಾಗ

ನಾನು ಈ ಕಡೆಯವನು, ಇಂದಿರಾನಗರದಲ್ಲಿ ಕೂತು ಯುರೋಪ್ ಕಂಪನಿಗಳಿಗೆ ಜನ ಹುಡುಕೋ ಕೆಲಸ. ಮೇಡಂ ಹೇಳಿದ್ದು ಸರಿ, ಆದ್ರೆ ಮೇಲ್ ಬರೆಯೋ ಬಗ್ಗೆ ಎರಡು ಮಾತು.

ಗುರು, ನಿನ್ನ ಮೇಲ್‌ನಲ್ಲಿ ಆರು ಪ್ರಶ್ನೆ ಇದೆ. ನಾವು ಮೊಬೈಲಲ್ಲಿ ಓದೋದು. ಉತ್ತರ ಗೊತ್ತಿರೋ ಒಂದಕ್ಕೆ ಉತ್ತರ ಕೊಟ್ಟು ಉಳಿದಿದ್ದಕ್ಕೆ "ಎಚ್‌ಆರ್ ನೋಡ್ಕೋತಾರೆ" ಅಂತ ಬರೆದು ಮುಂದೆ ಹೋಗ್ತೀವಿ. ಪಿಆರ್ ಬಗ್ಗೆ ಈಗ ಕೇಳಿದ್ರೆ ಇವನು ಕೆಲಸಕ್ಕೆ ಬರ್ತಿಲ್ಲ, ಊರು ಬಿಡೋಕೆ ಬರ್ತಿದ್ದಾನೆ ಅನ್ನಿಸುತ್ತೆ. ಖರ್ಚು, ದಾಖಲೆ ಎಲ್ಲಾ ಆಫರ್ ಬಂದ್ಮೇಲೆ ತಾನಾಗೇ ಬರುತ್ತೆ.

ಮುಖ್ಯವಾಗಿ, ಎಚ್‌ಆರ್‌ಗೆ ಹಾಗೇ ಫಾರ್ವರ್ಡ್ ಮಾಡೋಕಾಗೋ ಹಾಗೆ ಬರಿ. ನಾನು ನಡುವೆ ಕೂತು ನಿನ್ನ ಪ್ರಶ್ನೆನ ನನ್ನ ಮಾತಲ್ಲಿ ಹೇಳೋಕೆ ಹೋದ್ರೆ ಅಲ್ಲೇ ಅರ್ಧ ಸೋರಿ ಹೋಗುತ್ತೆ. ಮತ್ತೆ ನೋಟಿಸ್ ಪೀರಿಯಡ್ 90 ದಿನ ಅನ್ನೋದನ್ನ ಮುಚ್ಚಿಡಬೇಡ. ಅಲ್ಲಿನೋರಿಗೆ ಒಂದು ತಿಂಗಳು ಅನ್ನೋದೇ ರೂಢಿ, ಮೂರು ತಿಂಗಳು ಅಂದ್ರೆ ಗಾಬರಿ ಬೀಳ್ತಾರೆ. ಕೊನೇಲಿ ಗೊತ್ತಾಗೋ ಬದಲು ಮೊದಲೇ ಗೊತ್ತಾಗಲಿ.

ಆದ್ರೆ ಹುಟ್ಟಿದ ದಿನಾಂಕ ಮೇಲ್‌ನಲ್ಲಿ ಬರೀಬೇಡ. ಯುರೋಪಲ್ಲಿ ವಯಸ್ಸು ಕೇಳೋದೇ ತಪ್ಪು ಅಂತ ಅವರಿಗೆ ಪಾಠ ಆಗಿರುತ್ತೆ. ನೀನಾಗೇ ಬರೆದ್ರೆ ಮುಜುಗರ.

ಮಲ್ಲೇಶ್ವರದಿಂದ_ಉಟ್ರೆಕ್ಟ್

ಇದನ್ನ ನಾನು ಒಪ್ಪಲ್ಲ. ವಯಸ್ಸು ಇಲ್ಲಿ ಸಂಬಳದ ಮಿತಿಗೆ ಸಂಬಂಧಪಟ್ಟಿದ್ದು, ಹೇಳದೇ ಹೋದ್ರೆ ಎಚ್‌ಆರ್‌ಗೆ ಹೊಳೆಯೋದು ಪಾಸ್‌ಪೋರ್ಟ್ ಕಾಪಿ ಕೈಗೆ ಬಂದ ಮೇಲೆ. ಆಗ ತಡ.

ನೇಮಕಾತಿ_ನಾಗ

ಆಫರ್ ಲೆಟರ್ ಬಂದ ದಿನವೇ ಹೇಳಲಿ. ಕೊನೇ ರೌಂಡ್ ಮುಂಚೆ ಯಾಕೆ? "ಇವನಿಗೆ ಅರ್ಜೆಂಟು, ತಲೆನೋವು" ಅಂತ ಇನ್ನೊಬ್ಬ ಕ್ಯಾಂಡಿಡೇಟ್ ಕಡೆ ವಾಲ್ತಾರೆ. ನಾನು ಕಣ್ಣಾರೆ ನೋಡಿದ್ದೀನಿ.

ಮಲ್ಲೇಶ್ವರದಿಂದ_ಉಟ್ರೆಕ್ಟ್

ಜುಲೈ 2 ಇಂಟರ್‌ವ್ಯೂ, ಆಫರ್ ಬರೋಕೆ ಇನ್ನೆರಡು ವಾರ, ಆಗಸ್ಟ್‌ನಲ್ಲಿ ಇಲ್ಲಿ ಅರ್ಧ ಆಫೀಸು ರಜೆ. ಬೇಸಿಗೆ ರಜೆಗೆ ಹೋದ ಎಚ್‌ಆರ್ ಸೆಪ್ಟೆಂಬರ್ ಮೊದಲ ವಾರ ವಾಪಸ್ ಬಂದು ಫೈಲ್ ತೆಗೀತಾರೆ. ಬೇರೆ ಯಾವ ತಿಂಗಳಾದ್ರೂ ನಿಮ್ಮ ಮಾತು ನಡೀತಿತ್ತು ನಾಗ ಅವರೇ.

ರಾಜಾಜಿನಗರ_ರಾವ್

ಸರಿ, ಐದು ವಾರದ ಮಾತು ಹಿಂತಗೊಂಡೆ. ಆದ್ರೆ ಕಂಪನಿ ಆ ಪಟ್ಟಿಯಲ್ಲೇ ಇಲ್ಲ ಅಂದ್ರೆ? ನನ್ನ ಅಳಿಯನಿಗೆ ಸಿಕ್ಕಿದ್ದು ಚಿಕ್ಕ ಸ್ಟಾರ್ಟಪ್ಪು, ಇಪ್ಪತ್ತು ಜನ ಇರಬಹುದು ಅಷ್ಟೇ.

ಮಲ್ಲೇಶ್ವರದಿಂದ_ಉಟ್ರೆಕ್ಟ್

ಆಗ ಮೂರು ದಾರಿ. ಕಂಪನಿಯೇ ಮಾನ್ಯತೆಗೆ ಅರ್ಜಿ ಹಾಕಬಹುದು, ಅದಕ್ಕೆ ತಿಂಗಳುಗಳೇ ಹಿಡಿಯುತ್ತೆ, ಶುಲ್ಕನೂ ಸಾವಿರಾರು ಯೂರೋ. ಇಲ್ಲ ಇಯು ಬ್ಲೂ ಕಾರ್ಡ್: ಅದಕ್ಕೆ ಮಾನ್ಯತೆ ಪಡೆದ ಸ್ಪಾನ್ಸರ್ ಆಗಿರಲೇಬೇಕು ಅಂತಿಲ್ಲ. ಆದ್ರೆ 30ರ ಒಳಗಿನವರಿಗೆ ಅಂತ ಕಮ್ಮಿ ಮಿತಿ ಅದರಲ್ಲಿ ಇಲ್ಲ, ಡಿಗ್ರಿ ಕಾಗದಗಳನ್ನೂ ನೋಡ್ತಾರೆ. ಮೂರನೇದು, ಮಾನ್ಯತೆ ಇರೋ ಒಂದು ಪೇರೋಲ್ ಕಂಪನಿಯನ್ನ ನಡುವೆ ಇಟ್ಟುಕೊಳ್ಳೋದು. ಚಿಕ್ಕ ಕಂಪನಿಗಳು ಹೆಚ್ಚಾಗಿ ಹಿಡಿಯೋದು ಇದನ್ನೇ.

ಸಂಪಂಗಿ_ಹುಡುಗ

ಪೇರೋಲ್ ಮಾತು ಬಂತಲ್ಲ, ನಂದೊಂದು ಇದೆ. ಕಂಪನಿ ಹೆಸರು ಬೇಡ. ಇಂಟರ್‌ವ್ಯೂ ಎಲ್ಲಾ ಒಂದು ಕಂಪನಿ ಜೊತೆ, ಕಾಂಟ್ರ್ಯಾಕ್ಟ್ ಬಂದಾಗ ಬೇರೆ ಹೆಸರು. ಕೇಳಿದ್ರೆ "ಅದು ಕಾಗದಕ್ಕೆ ಮಾತ್ರ" ಅಂದ್ರು. ಅಲ್ಲಿಗೆ ಹೋದ್ಮೇಲೆ ಪ್ರಾಜೆಕ್ಟ್ ನಿಂತಿತು, ಕಂಪನಿ ಕೈ ತೊಳ್ಕೊಂಡಿತು. ನನ್ನ ಮಾಲೀಕರು ಪೇರೋಲ್‌ನವರು, ಅವರ ಬಳಿ ನನಗೆ ಕೊಡೋಕೆ ಬೇರೆ ಕೆಲಸ ಇಲ್ಲ. ಇನ್ನೊಂದು ಕಡೆ ಹುಡುಕ್ಕೊಳ್ಳೋಕೆ ಮೂರು ತಿಂಗಳು ಸಿಕ್ತು, ಸಿಕ್ಕಿತು ಅನ್ನಿ. ಆದ್ರೆ ನಿದ್ದೆ ಅಂತೂ ಇರಲಿಲ್ಲ. ಕಾಂಟ್ರ್ಯಾಕ್ಟ್ ಯಾರ ಹೆಸರಲ್ಲಿ ಅಂತ ಮೊದಲ ಮೇಲ್‌ನಲ್ಲೇ ಕೇಳಿ ಅಣ್ಣ.

ಬಸವನಗುಡಿ_ಬ್ಯಾಕೆಂಡ್

ಎಲ್ಲರ ಮಾತು ಕೇಳಿ ಮತ್ತೆ ಬರೆದಿದ್ದೀನಿ. ಪಿಆರ್, ಖರ್ಚು, ದಾಖಲೆ ಕಿತ್ತು ಹಾಕಿದೆ.

> ವಿಷಯ: ಬ್ಯಾಕೆಂಡ್ ಹುದ್ದೆ: ಪರ್ಮಿಟ್ ಅರ್ಜಿ ಸಲ್ಲಿಸುವ ದಿನಾಂಕದ ಬಗ್ಗೆ
>
> ನಮಸ್ಕಾರ,
>
> ಜುಲೈ 2ರ ಸಂದರ್ಶನಕ್ಕೆ ಸಿದ್ಧನಾಗಿದ್ದೇನೆ. ಅದಕ್ಕೆ ಮುಂಚೆ ಪರ್ಮಿಟ್ ವಿಷಯದಲ್ಲಿ ಮೂರು ಅಂಶಗಳನ್ನು ಖಚಿತಪಡಿಸಿಕೊಳ್ಳಬೇಕಿದೆ. ಈ ಮೇಲ್ ಅನ್ನು ನೇರವಾಗಿ ಕಂಪನಿಯ ಎಚ್‌ಆರ್‌ಗೆ ಕಳಿಸಿದರೂ ಸರಿ.
>
> ನಾನು ಭಾರತೀಯ ಪ್ರಜೆ, ಬೆಂಗಳೂರಿನಲ್ಲಿದ್ದೇನೆ. ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಪರ್ಮಿಟ್ ಬೇಕಾಗುತ್ತದೆ. ಇಲ್ಲಿ ನನ್ನ ನೋಟಿಸ್ ಅವಧಿ 90 ದಿನ.
>
> ಒಂದು, ಉದ್ಯೋಗದ ಕಾಂಟ್ರ್ಯಾಕ್ಟ್ ಯಾವ ಸಂಸ್ಥೆಯ ಹೆಸರಿನಲ್ಲಿ ಇರುತ್ತದೆ? ಅದರ ಕೆವಿಕೆ ನಂಬರ್ ತಿಳಿಸಿ.
>
> ಎರಡು, 72,000 ಯೂರೋದಲ್ಲಿ ಶೇ. 8ರ ಹಾಲಿಡೇ ಅಲವೆನ್ಸ್ ಸೇರಿದೆಯೇ, ಅದು ಬೇರೆಯೇ? ಸೇರಿದ್ದರೆ ತಿಂಗಳ ಮೂಲ ಸಂಬಳ ಸುಮಾರು 5,556 ಆಗುತ್ತದೆ.
>
> ಮೂರು, ಸೆಪ್ಟೆಂಬರ್ 9ಕ್ಕೆ ನನಗೆ 30 ತುಂಬುತ್ತದೆ. ಅದಕ್ಕೆ ಮುಂಚೆ ಅರ್ಜಿ ಸಲ್ಲಿಸಿದರೆ ಮಿತಿ 4,357, ಆಮೇಲೆ 5,942. ಆಯ್ಕೆಯಾದರೆ ಕಾಂಟ್ರ್ಯಾಕ್ಟ್‌ಗೆ ಸಹಿಯಾದ ಕೂಡಲೇ, ಆಗಸ್ಟ್ ಮೊದಲ ವಾರದೊಳಗೆ, ಅರ್ಜಿ ಸಲ್ಲಿಸಲು ಸಾಧ್ಯವೇ?

ಹುಟ್ಟಿದ ದಿನಾಂಕ ಬರೆದೆ ನಾಗಣ್ಣ, ಕ್ಷಮಿಸಿ. ಆಗಸ್ಟ್ ರಜೆ ಅಂದ್ಮೇಲೆ ಧೈರ್ಯ ಬರಲಿಲ್ಲ.

ನೇಮಕಾತಿ_ನಾಗ

ನಿನ್ನಿಷ್ಟ ಗುರು. ಮೇಲ್ ಮಾತ್ರ ಚೆನ್ನಾಗಿದೆ, ನನಗೆ ಬಂದಿದ್ರೆ ಒಂದಕ್ಷರ ತಿದ್ದದೆ ಫಾರ್ವರ್ಡ್ ಮಾಡ್ತಿದ್ದೆ. ಎರಡನೇ ಪ್ರಶ್ನೆಯಲ್ಲಿ ಇನ್ನೊಂದು ಲಾಭ ಇದೆ. ಅವರು "ಓಹ್, ಅಲವೆನ್ಸ್ ಬೇರೆ" ಅಂದುಬಿಟ್ರೆ ನಿನ್ನ ಮೂಲ ಸಂಬಳ 6,000, ಒಟ್ಟು 77,760. 30 ತುಂಬಿದ್ರೂ ತುಂಬದಿದ್ರೂ ಪಾರು.

ಹೆಬ್ಬಾಳ_ಹರ್ಷಿತಾ

ಮಧ್ಯೆ ಬಾಯಿ ಹಾಕ್ತೀನಿ. ರಾಜೀನಾಮೆ ಯಾವಾಗ ಕೊಡಬೇಕು? ನಮ್ಮ ಟೀಮ್‌ನಲ್ಲಿ ಒಬ್ಬ ಆಫರ್ ಲೆಟರ್ ಬಂದ ದಿನವೇ ಪೇಪರ್ ಹಾಕಿದ, ಪರ್ಮಿಟ್ ತಡವಾಗಿ ಮನೇಲಿ ಕೂತಿದ್ದ.

ಮಲ್ಲೇಶ್ವರದಿಂದ_ಉಟ್ರೆಕ್ಟ್

ಐಎನ್‌ಡಿಯ ಒಪ್ಪಿಗೆ ಪತ್ರ ಬಂದ ಮೇಲೆ. ಅದಕ್ಕೆ ಮುಂಚೆ ಬೇಡವೇ ಬೇಡ.

ಕ್ರಮ ಹೀಗಿರುತ್ತೆ. ಅರ್ಜಿ ಹಾಕೋದು ಕಂಪನಿ, ಇಲ್ಲಿಂದಲೇ, ಆನ್‌ಲೈನ್‌ನಲ್ಲಿ. ಮಾನ್ಯತೆ ಪಡೆದ ಸ್ಪಾನ್ಸರ್ ಹಾಕಿದ ಅರ್ಜಿಗೆ ಐಎನ್‌ಡಿ ಎರಡು ವಾರದಲ್ಲಿ ಉತ್ತರ ಕೊಡೋ ಗುರಿ ಇಟ್ಟುಕೊಂಡಿದೆ. ಆದ್ರೆ ಕಾನೂನು ಅವರಿಗೆ ಕೊಟ್ಟಿರೋ ಗಡುವು 90 ದಿನ. ರಿಕ್ರೂಟರ್ "ಎರಡು ವಾರ" ಅಂದಾಗ ಈ ಗುರಿಯನ್ನೇ ಹೇಳ್ತಿರ್ತಾರೆ, ಅದನ್ನ ಭರವಸೆ ಅಂತ ತಗೋಬೇಡಿ. ಜೊತೆಗೆ ಕಾಗದ ಒಟ್ಟುಮಾಡಿ ಅರ್ಜಿ ಒಳಗೆ ಹೋಗೋವರೆಗಿನ ದಿನಗಳನ್ನ ಅವರು ಎಣಿಸಿರೋದೇ ಇಲ್ಲ. ತಡ ಆಗೋದು ಹೆಚ್ಚಾಗಿ ಅಲ್ಲಿಯೇ.

ಒಪ್ಪಿಗೆ ಬಂದ ಮೇಲೆ ಎಂವಿವಿ ಅನ್ನೋ ಪ್ರವೇಶ ವೀಸಾದ ಸ್ಟಿಕ್ಕರ್‌ಗೆ ನೀವು ಮೂರು ತಿಂಗಳೊಳಗೆ ಹೋಗಬೇಕು. ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟ್ ಒಪ್ಪಿಸಿ, ಅಂಟಿಸಿ ವಾಪಸ್ ಬರೋವರೆಗೆ ಕಾಯೋದು. ಆ ದಿನಗಳಲ್ಲಿ ಬೇರೆಲ್ಲೂ ಪ್ರಯಾಣ ಇಟ್ಟುಕೊಳ್ಳಬೇಡಿ. ಸ್ಟಿಕ್ಕರ್‌ಗೆ 90 ದಿನದ ಅವಧಿ, ಅಷ್ಟರೊಳಗೆ ಇಲ್ಲಿಗೆ ಬರಬೇಕು. ರೆಸಿಡೆನ್ಸ್ ಕಾರ್ಡ್ ಸಿಗೋದು ನೀವು ಬಂದ ಮೇಲೆ, ಇಲ್ಲೇ.

ಅಂದ್ರೆ ಬೆಂಗಳೂರಿನ 90 ದಿನದ ನೋಟಿಸಿಗೆ ಈ ಅವಧಿಗಳು ಹೊಂದಿಕೊಳ್ಳುತ್ತವೆ. ಆಗಸ್ಟ್ ಮೊದಲಲ್ಲಿ ಅರ್ಜಿ, ಮಧ್ಯದಲ್ಲೋ ಕೊನೆಯಲ್ಲೋ ಒಪ್ಪಿಗೆ, ಮಾರನೇ ದಿನ ರಾಜೀನಾಮೆ, ನೋಟಿಸ್ ನಡೀತಿರೋವಾಗ ಅಕ್ಟೋಬರ್‌ನಲ್ಲಿ ಸ್ಟಿಕ್ಕರ್. ಲೆಕ್ಕ ಹಾಕಿದ್ರೆ ನಿಮ್ಮ ಕೊನೇ ದಿನ ನವೆಂಬರ್ ಮಧ್ಯಕ್ಕೋ ಕೊನೆಗೋ ಹೋಗುತ್ತೆ. ನವೆಂಬರ್ 1 ಅನ್ನೋ ಮಾತನ್ನ ಡಿಸೆಂಬರ್ 1 ಅಂತ ಈಗಲೇ ತಿದ್ದಿಸಿಕೊಳ್ಳಿ. ಇಲ್ಲಾಂದ್ರೆ ಅವರು ಸೇರೋ ದಿನಾಂಕ ಕಾಪಾಡೋಕೆ ನಿಮ್ಮನ್ನ ಬೇಗ ರಾಜೀನಾಮೆ ಕೊಡಿ ಅಂತ ಒತ್ತುತ್ತಾರೆ.

ಸಂಪಂಗಿ_ಹುಡುಗ

ನಮ್ಮ ಎಚ್‌ಆರ್ ಸೇರೋ ದಿನ ತುಂಬಾ ದೂರ ಇದ್ರೆ ಅರ್ಜಿ ಹಾಕಲ್ಲ ಅಂದಿದ್ರು. ಅದು ಐಎನ್‌ಡಿ ನಿಯಮವೋ ಅವರದೇ ಆಫೀಸಿನ ನಿಯಮವೋ ಕೊನೆಗೂ ತಿಳೀಲಿಲ್ಲ.

ಮಲ್ಲೇಶ್ವರದಿಂದ_ಉಟ್ರೆಕ್ಟ್

ನಮ್ಮಲ್ಲಿ ಮೂರ್ನಾಲ್ಕು ತಿಂಗಳು ಮುಂಚೆ ಹಾಕಿದ್ದು ಉಂಟು, ತೊಂದರೆ ಬಂದಿಲ್ಲ. ಒಂದೊಂದು ಕಂಪನಿಯ ವಕೀಲರು ಒಂದೊಂದು ಥರ. ಅದಕ್ಕೇ ಮೇಲ್‌ನಲ್ಲಿ "ಸಾಧ್ಯವೇ" ಅಂತ ಕೇಳಿರೋದು ಸರಿಯಾಗಿದೆ. ಇಲ್ಲ ಅಂದ್ರೆ ಕಾರಣ ಕೇಳಬಹುದು.

ರಾಜಾಜಿನಗರ_ರಾವ್

ಶೇ. 30ರ ತೆರಿಗೆ ರಿಯಾಯಿತಿ ಇದೆಯಲ್ಲ, ಅದನ್ನೂ ಕೇಳಿಸಪ್ಪ. ಸಂಬಳದ ಮೂರನೇ ಒಂದು ಭಾಗ ಸರ್ಕಾರವೇ ಕೈಗೆ ಕೊಡುತ್ತೆ.

ಮಲ್ಲೇಶ್ವರದಿಂದ_ಉಟ್ರೆಕ್ಟ್

ಸರ್ಕಾರ ಕೊಡಲ್ಲ ಸರ್, ಸಂಬಳದ ಆ ಪಾಲಿಗೆ ತೆರಿಗೆ ಹಾಕಲ್ಲ ಅಷ್ಟೇ. 2027ರಿಂದ ಅದು ಶೇ. 27ಕ್ಕೆ ಇಳಿಯುತ್ತೆ. ಕೆಲಸಕ್ಕೆ ಸೇರಿದ ನಾಲ್ಕು ತಿಂಗಳೊಳಗೆ ಅರ್ಜಿ ಹಾಕಿದ್ರೆ ಮೊದಲ ದಿನದಿಂದಲೇ ಸಿಗುತ್ತೆ. ಅದು ತೆರಿಗೆ ಇಲಾಖೆಯ ಕೆಲಸ, ಐಎನ್‌ಡಿಗೆ ಸಂಬಂಧ ಇಲ್ಲ, ಈ ಮೇಲ್‌ಗೂ ಬೇಡ.

ಬಸವನಗುಡಿ_ಬ್ಯಾಕೆಂಡ್

ಮೇಲ್ ಕಳಿಸಿದ್ದೆ, ಉತ್ತರ ಬಂತು. ರಿಕ್ರೂಟರ್ ಅದನ್ನ ಹಾಗೇ ಎಚ್‌ಆರ್‌ಗೆ ತಳ್ಳಿದ್ದಾರೆ. ಕಾಂಟ್ರ್ಯಾಕ್ಟ್ ಕಂಪನಿಯ ಬಿ.ವಿ. ಹೆಸರಲ್ಲೇ, ಪೇರೋಲ್ ಇಲ್ಲ. ಕೆವಿಕೆ ನಂಬರ್ ಕೊಟ್ರು, ಪಟ್ಟಿಯಲ್ಲಿ ಸಿಕ್ಕಿತು. ಬ್ರ್ಯಾಂಡ್ ಹೆಸರಲ್ಲಿ ನಾನು ಹುಡುಕಿದಾಗ ಏನೂ ಬಂದಿರಲಿಲ್ಲ, ಬೇರೆಯದೇ ಹೆಸರು.

ಅಲವೆನ್ಸ್ ಒಳಗೇ ಸೇರಿದೆಯಂತೆ. ಮೂರನೇದಕ್ಕೆ ಎಚ್‌ಆರ್ ಬರೆದಿದ್ದು: "ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ. ನಾವು ಸಾಮಾನ್ಯವಾಗಿ ಸೇರುವ ದಿನಕ್ಕೆ ಆರು ವಾರ ಮುಂಚೆ ಅರ್ಜಿ ಸಲ್ಲಿಸುತ್ತೇವೆ. ಆಯ್ಕೆಯಾದರೆ ನಿಮ್ಮ ವಿಷಯದಲ್ಲಿ ಬೇಗ ಸಲ್ಲಿಸಲು ಪ್ರಯತ್ನಿಸುತ್ತೇವೆ." ಮೇಡಂ ಹೇಳಿದ ಆರು ವಾರ ಹಾಗೇ ಬಂದಿದೆ ನೋಡಿ.

"ಪ್ರಯತ್ನಿಸುತ್ತೇವೆ" ಅನ್ನೋದಕ್ಕೆ ಏನು ಮಾಡಲಿ?

ನೇಮಕಾತಿ_ನಾಗ

ಈಗ ಸುಮ್ಮನಿರು. ಇಂಟರ್‌ವ್ಯೂ ಮುಗಿಸು. ಆಫರ್ ಬಂದಾಗ ಒಂದೇ ಸಾಲು ಕೇಳು, ಅರ್ಜಿ ಯಾವ ವಾರ ಹೋಗುತ್ತೆ, ಆಗಸ್ಟ್‌ನಲ್ಲಿ ಅದನ್ನ ನೋಡಿಕೊಳ್ಳೋರು ಯಾರು ಅಂತ. ರಜೆಗೆ ಹೋಗದ ಒಬ್ಬರ ಹೆಸರು ಸಿಕ್ಕಿದ್ರೆ ಅರ್ಧ ಗೆದ್ದ ಹಾಗೆ.

ಮಲ್ಲೇಶ್ವರದಿಂದ_ಉಟ್ರೆಕ್ಟ್

ಹೌದು. ಜೊತೆಗೆ ಅವರು ಕೇಳೋ ಕಾಗದಗಳನ್ನ ಕೇಳೋ ಮುಂಚೆಯೇ ಸಿದ್ಧ ಮಾಡಿಟ್ಟುಕೊಳ್ಳಿ, ನಿಮ್ಮ ಕಡೆಯಿಂದ ಒಂದು ದಿನವೂ ತಡ ಆಗಬಾರದು. ಪಾಸ್‌ಪೋರ್ಟಿನ ಎಲ್ಲಾ ಪುಟ ಸ್ಕ್ಯಾನ್ ಮಾಡಿ, ಖಾಲಿ ಬಿಟ್ಟು ಉಳಿದಿದ್ದೆಲ್ಲ. ಜನನ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಅನ್ನೋ ದೃಢೀಕರಣ ಮಾಡಿಸಿ. ಅದು ಐಎನ್‌ಡಿಗಲ್ಲ, ಇಲ್ಲಿಗೆ ಬಂದ ಮೇಲೆ ನಗರಸಭೆಯಲ್ಲಿ ನೋಂದಾಯಿಸೋವಾಗ ಬೇಕು. ಆ ನೋಂದಣಿ ಆದ್ರೇ ಬಿಎಸ್‌ಎನ್ ಅನ್ನೋ ವೈಯಕ್ತಿಕ ಗುರುತಿನ ನಂಬರ್, ಅದಿದ್ರೇ ಸಂಬಳ ಸಲೀಸಾಗಿ ಬರೋದು. ಮದುವೆ ಆಗಿದ್ರೆ ಮದುವೆ ಸರ್ಟಿಫಿಕೇಟೂ ಹಾಗೇ. ಹೆಂಡತಿ ಅರ್ಜಿಯನ್ನ ಜೊತೆಗೇ ಹಾಕಬಹುದು, ಅವರು ಇಲ್ಲಿ ಬೇರೆ ಪರ್ಮಿಟ್ ಇಲ್ಲದೆ ಕೆಲಸ ಮಾಡಬಹುದು.

ಬಸವನಗುಡಿ_ಬ್ಯಾಕೆಂಡ್

ಮದುವೆ ಇನ್ನೂ ಇಲ್ಲ. ಆದ್ರೆ ಜನನ ಪತ್ರ ತೆಗೆದು ನೋಡಿದೆ, ಹೊಸ ತಲೆನೋವು. ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು, ಊರ ಹೆಸರು ಎಲ್ಲಾ ಬಿಡಿಸಿ ಸರ್‌ನೇಮ್ ಜಾಗದಲ್ಲಿ ಹಾಕಿದ್ದಾರೆ. ಜನನ ಪತ್ರದಲ್ಲಿ ನನ್ನ ಹೆಸರಿನ ಕಾಲಮ್ಮೇ ಖಾಲಿ, ಅಪ್ಪ ಅಮ್ಮನ ಹೆಸರು ಮಾತ್ರ ಇದೆ. ಆಗೆಲ್ಲ ನಾಮಕರಣಕ್ಕೆ ಮುಂಚೆಯೇ ಬರೆಸಿ ಬಿಡ್ತಿದ್ರಂತೆ.

ಹೆಬ್ಬಾಳ_ಹರ್ಷಿತಾ

ನಂದೂ ಹಾಗೇ ಇತ್ತು! ಜನನ ಮರಣ ನೋಂದಣಿ ಆಫೀಸಲ್ಲಿ ಹೆಸರು ಸೇರಿಸಿ ಕೊಡ್ತಾರೆ, ಶಾಲೆ ದಾಖಲೆ ಮತ್ತೆ ಅಫಿಡವಿಟ್ ಕೇಳ್ತಾರೆ. ಇವತ್ತೇ ಹೋಗಿ. ಅಪೊಸ್ಟಿಲ್‌ಗೆ ಹೋಗೋದು ಹೆಸರಿರೋ ಹೊಸ ಪ್ರತಿ ಕೈಗೆ ಬಂದ ಮೇಲೇ, ಖಾಲಿ ಇರೋದಕ್ಕೆ ಅಂಟಿಸಿ ದುಡ್ಡು ದಂಡ ಮಾಡಬೇಡಿ.

ರಾಜಾಜಿನಗರ_ರಾವ್

ಅಫಿಡವಿಟ್ ಒಂದೇ ಸಾಕು ಕಣಪ್ಪ, ನೋಟರಿ ಹತ್ರ ಮಾಡಿಸು.

ಮಲ್ಲೇಶ್ವರದಿಂದ_ಉಟ್ರೆಕ್ಟ್

ಸಾಕಾಗುತ್ತೋ ಇಲ್ಲವೋ ಅದು ನೀವು ಇರೋ ಊರಿನ ನಗರಸಭೆ ಹೇಳಬೇಕು, ಕೆಲವು ಕಡೆ ಒಪ್ಪಿದ್ದಾರೆ, ಕೆಲವು ಕಡೆ ಅಸಲು ತಿದ್ದಿಸಿ ತನ್ನಿ ಅಂದಿದ್ದಾರೆ. ಸರ್‌ನೇಮ್ ಜಾಗದಲ್ಲಿ ಊರ ಹೆಸರು ಬಂದಿರೋದನ್ನ ಮಾತ್ರ ಈಗ ಮುಟ್ಟಬೇಡಿ. ಪಾಸ್‌ಪೋರ್ಟ್ ತಿದ್ದೋಕೆ ಕೊಟ್ರೆ ಹೊಸ ನಂಬರ್ ಬರುತ್ತೆ, ಆಗಸ್ಟ್‌ನಲ್ಲಿ ಅರ್ಜಿ ಹಾಕೋಕೆ ಪಾಸ್‌ಪೋರ್ಟೇ ಕೈಲಿರಲ್ಲ.

ಬಸವನಗುಡಿ_ಬ್ಯಾಕೆಂಡ್

ಸರಿ ಮೇಡಂ. ನಾಳೆ ಅಮ್ಮನ ಜೊತೆ ನೋಂದಣಿ ಆಫೀಸಿಗೆ ಹೋಗ್ತೀನಿ. ಆಫರ್ ಬಂದ್ರೆ ಅರ್ಜಿ ಯಾವ ವಾರ ಹೋಯ್ತು ಅಂತ ಇಲ್ಲೇ ಹಾಕ್ತೀನಿ.